ಕೆಂಪು ಬಣ್ಣ ಒಂದೇ, ಆಜ್ಞೆಗಳು ಎರಡು

ವರ್ಷಾಂತ್ಯದ ದಾಸ್ತಾನು ಎಣಿಕೆಗಾಗಿ ಕೆಲವು ವರ್ಷಗಳ ಹಿಂದೆ ಖಾನಾಪುರ ರಸ್ತೆಯ ಒಂದು ಯಂತ್ರಶಾಲೆಗೆ ಹೋಗಿದ್ದೆನು. ಲೇತ್ ಯಂತ್ರಗಳ ಸಾಲಿನ ಕೊನೆಯಲ್ಲಿದ್ದ ವಿದ್ಯುತ್ ಪ್ಯಾನೆಲ್‌ನಿಂದ ಹೊಗೆ ಕಾಣಿಸಿಕೊಂಡಿತು. ಪಕ್ಕದ ಗೋಡೆಗೆ ತೂಗುಹಾಕಿದ್ದ ಕೆಂಪು ಸಿಲಿಂಡರನ್ನು ಒಬ್ಬ ಹುಡುಗ ಕೈಗೆ ತೆಗೆದುಕೊಂಡು ಪಿನ್ ಕೀಳಲು ಮುಂದಾದನು. ಅಷ್ಟರಲ್ಲಿ ಹಿರಿಯ ಫೋರ್‌ಮನ್ "ಏ ತಮ್ಮಾ, ನಿಲ್ಲೋ, ಮೊದಲ ಮೇನ್ ಬಂದ್ ಮಾಡೋಣು" ಎಂದು ಕೂಗಿ, ಓಡಿಹೋಗಿ ಮೇನ್ ಸ್ವಿಚ್ ಇಳಿಸಿದರು. ಹೊಗೆ ತಾನಾಗಿಯೇ ನಿಂತಿತು. ಯಾರಿಗೂ ಅಪಾಯವಾಗಲಿಲ್ಲ.

ಆಮೇಲೆ ಆ ಸಿಲಿಂಡರನ್ನು ತಿರುಗಿಸಿ ಚೀಟಿಯನ್ನು ಓದಿದೆವು. ಅದರಲ್ಲಿ ಇದ್ದುದು ಮೆಕ್ಯಾನಿಕಲ್ ಫೋಮ್, ಎಂದರೆ ಬಹುಪಾಲು ನೀರೇ. ಪ್ರವಾಹವಿರುವ ಪ್ಯಾನೆಲ್‌ನ ಮೇಲೆ ಅದನ್ನು ಸಿಂಪಡಿಸಿದ್ದರೆ ವಿದ್ಯುತ್ತು ಆ ಧಾರೆಯ ಮೂಲಕವೇ ಹುಡುಗನ ಕೈಗೆ ಬರುವ ಸಾಧ್ಯತೆ ಇತ್ತು. ಮಾಲೀಕರು ಬೆರಗಾಗಿ ಕೇಳಿದರು: "ಅಲ್ರೀ ಸಾಹೇಬ್ರ, ಫೈರ್ ಸಿಲಿಂಡರ್ ಅಂದ್ರ ಎಲ್ಲಾ ಒಂದs ಅಲ್ಲೇನ್ರಿ? ಎಲ್ಲಾ ಕೆಂಪಗs ಅದಾವಲ್ಲ!"

ಅವರನ್ನು ದೂಷಿಸುವ ಅಧಿಕಾರ ನನಗಿರಲಿಲ್ಲ. ಅವರ ಆಸ್ತಿ ವಹಿಯಲ್ಲಿ "ಅಗ್ನಿಶಾಮಕ ಸಲಕರಣೆ, ಸಂಖ್ಯೆ 6" ಎಂಬ ಒಂದು ಸಾಲು ಇತ್ತು. ಎಣಿಸಿ, ಆರು ಇವೆಯೆಂದು ನೋಡಿ, ಆ ಸಾಲಿಗೆ ಟಿಕ್ ಹಾಕುತ್ತಿದ್ದವನು ನಾನೇ. ಒಳಗೆ ಏನಿದೆಯೆಂದು ಒಂದು ವರ್ಷವೂ ಕೇಳಿರಲಿಲ್ಲ. ಆ ದಿನದಿಂದ ಸುರಕ್ಷತಾ ಫಲಕಗಳನ್ನೂ ಸಿಲಿಂಡರುಗಳ ಚೀಟಿಗಳನ್ನೂ ವೋಚರುಗಳನ್ನು ಓದುವಂತೆ ಓದುವ ರೂಢಿ ನನಗೆ ಬಂದಿತು. ಹಾಗೆ ಓದಿದಾಗ ಕಂಡುಬಂದ ಕೆಲವು ಸಂಗತಿಗಳನ್ನು ನಮ್ಮ ಸದಸ್ಯ ವ್ಯಾಪಾರಸ್ಥರ ಮತ್ತು ಸಣ್ಣ ಉದ್ದಿಮೆದಾರರ ಮುಂದಿಡುವುದು ಈ ಲೇಖನದ ಉದ್ದೇಶ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಫಲಕಗಳ ಕೊರತೆಗಿಂತ ದೊಡ್ಡ ದೋಷವೆಂದರೆ, ಬಣ್ಣವನ್ನಷ್ಟೇ ನೋಡಿ ಫಲಕವನ್ನು ಓದಿದೆವೆಂದು ತಿಳಿಯುವುದು.

ಬಣ್ಣ ಅರ್ಧ ವಾಕ್ಯ, ಆಕಾರ ಉಳಿದರ್ಧ

ಸುರಕ್ಷತಾ ಬಣ್ಣ ಮತ್ತು ಫಲಕಗಳಿಗೆ ನಮ್ಮ ದೇಶದಲ್ಲಿ ಐಎಸ್ 9457 ಎಂಬ ಭಾರತೀಯ ಮಾನಕವಿದೆ. ಅಂತರರಾಷ್ಟ್ರೀಯ ಮಾನಕಗಳೊಡನೆ ಅದರ ತಿರುಳು ಒಂದೇ. ಬಣ್ಣಗಳು ನಾಲ್ಕು: ಕೆಂಪು, ಹಳದಿ, ನೀಲಿ, ಹಸಿರು. ಆಕಾರಗಳು ಮೂರು: ವೃತ್ತ, ತ್ರಿಕೋನ, ಚೌಕ ಅಥವಾ ಆಯತ. ಇವುಗಳ ಜೋಡಣೆಯಿಂದಲೇ ಅರ್ಥ ಹುಟ್ಟುತ್ತದೆ.

ಬಿಳಿಯ ಮೇಲೆ ಕೆಂಪು ಅಂಚಿನ ವೃತ್ತ, ಎಡ ಮೇಲಿನಿಂದ ಬಲ ಕೆಳಕ್ಕೆ ಅಡ್ಡಗೆರೆ, ಒಳಗೆ ಕಪ್ಪು ಚಿತ್ರ ಇದ್ದರೆ ಅದು "ಮಾಡಬೇಡ" ಎಂಬ ನಿಷೇಧ. ನೀಲಿ ವೃತ್ತದಲ್ಲಿ ಬಿಳಿ ಚಿತ್ರವಿದ್ದರೆ ಅದು "ಮಾಡಲೇಬೇಕು" ಎಂಬ ಕಡ್ಡಾಯ. ಶಿರಸ್ತ್ರಾಣ, ಕನ್ನಡಕ, ಕೈಗವಸುಗಳ ಫಲಕಗಳು ಇದೇ ಜಾತಿಯವು. ಕಪ್ಪು ಅಂಚಿನ ಹಳದಿ ತ್ರಿಕೋನ "ಎಚ್ಚರ, ಇಲ್ಲಿ ಅಪಾಯವಿದೆ" ಎಂದು ಹೇಳುತ್ತದೆ. ಹಸಿರು ಚೌಕ ಅಥವಾ ಆಯತದಲ್ಲಿ ಬಿಳಿ ಚಿತ್ರವಿದ್ದರೆ "ಸುರಕ್ಷತೆ ಇಲ್ಲಿದೆ" ಎಂದರ್ಥ. ಹೊರದಾರಿ, ಪ್ರಥಮ ಚಿಕಿತ್ಸೆ, ಕೂಡುವ ಸ್ಥಳ ಇವೆಲ್ಲ ಅದರಲ್ಲಿ ಬರುತ್ತವೆ. ಐದನೆಯದು ಕೆಂಪು ಚೌಕ. ಅದರಲ್ಲಿ ಬಿಳಿ ಚಿತ್ರವಿರುತ್ತದೆ, ಮತ್ತು ಅದು ಬೆಂಕಿ ನಂದಿಸುವ ಸಾಧನ ಇರುವ ಜಾಗವನ್ನು ತೋರಿಸುತ್ತದೆ.

ಈ ಐದರಲ್ಲಿ ಕೆಂಪು ಎರಡು ಬಾರಿ ಬಂದಿದೆ. ಕೆಂಪು ವೃತ್ತ "ಮುಟ್ಟಬೇಡ" ಎನ್ನುತ್ತದೆ. ಕೆಂಪು ಚೌಕ "ಇದನ್ನು ತೆಗೆದುಕೋ" ಎನ್ನುತ್ತದೆ. ಬಣ್ಣ ಒಂದೇ, ಆಜ್ಞೆಗಳು ಪರಸ್ಪರ ವಿರುದ್ಧ. ನಮ್ಮ ಎರಕದ ಕಾರ್ಖಾನೆಗಳನ್ನೇ ನೋಡೋಣ. ಕರಗಿದ ಕಬ್ಬಿಣದ ಕುಲುಮೆಯ ಬಳಿ ಇರಬೇಕಾದುದು ಕೆಂಪು ವೃತ್ತ. ಬಕೆಟ್ಟಿನಿಂದ ಬೆಂಕಿಗೆ ನೀರು ಸುರಿಯುವ ಚಿತ್ರದ ಮೇಲೆ ಅಡ್ಡಗೆರೆ ಎಳೆದಿರುವ ಫಲಕ. ಕರಗಿದ ಲೋಹದ ಅಡಿಯಲ್ಲಿ ನೀರು ಸಿಕ್ಕಿಕೊಂಡರೆ ಅದು ಕ್ಷಣಾರ್ಧದಲ್ಲಿ ಆವಿಯಾಗಿ ಹಿಗ್ಗಿ, ಲೋಹವನ್ನು ಸ್ಫೋಟದಂತೆ ಎರಚುತ್ತದೆ. ಅಲ್ಲಿ ಬೇಕಾದುದು ಒಣ ಮರಳು, ಮರಳೂ ತೇವವಾಗಿರಕೂಡದು. ಅದೇ ಕಾರ್ಖಾನೆಯ ಮರದ ಪ್ಯಾಟರ್ನ್ ವಿಭಾಗದಲ್ಲಿ ಕೆಂಪು ಚೌಕದ ಕೆಳಗೆ ನೀರಿನ ಸಿಲಿಂಡರ್ ಇರುವುದು ಸರಿಯೇ. "ಕೆಂಪು ಕಂಡಲ್ಲಿ ಬೆಂಕಿಯ ಸಾಮಾನು" ಎಂದಷ್ಟೇ ಕಲಿತ ಕಾರ್ಮಿಕನಿಗೆ ಈ ಎರಡು ಜಾಗಗಳ ವ್ಯತ್ಯಾಸ ತಿಳಿಯುವುದಿಲ್ಲ.

ಆಕಾರಕ್ಕೆ ಮಹತ್ವ ಕೊಟ್ಟಿರುವುದಕ್ಕೆ ಇನ್ನೊಂದು ಕಾರಣವಿದೆ. ಪುರುಷರಲ್ಲಿ ಕೆಂಪು ಮತ್ತು ಹಸಿರನ್ನು ಬೇರ್ಪಡಿಸಿ ನೋಡಲಾರದವರು ನೂರಕ್ಕೆ ಕೆಲವರಾದರೂ ಇರುತ್ತಾರೆ, ಮತ್ತು ಅವರಲ್ಲಿ ಹಲವರಿಗೆ ತಮಗೆ ಈ ಕೊರತೆ ಇದೆಯೆಂಬುದೇ ಗೊತ್ತಿರುವುದಿಲ್ಲ. ಹಳದಿ ಬೆಳಕಿನ ಸೋಡಿಯಂ ದೀಪಗಳಿರುವ ಹಳೆಯ ಶೆಡ್ಡುಗಳಲ್ಲಿ ಒಳ್ಳೆಯ ಕಣ್ಣಿನವರಿಗೂ ಹಸಿರು, ನೀಲಿಗಳು ಬೂದಿಬಣ್ಣಕ್ಕೆ ತಿರುಗಿ ಕಾಣುತ್ತವೆ. ಬಣ್ಣ ಕೈಕೊಟ್ಟಾಗಲೂ ವೃತ್ತ ವೃತ್ತವಾಗಿಯೇ, ತ್ರಿಕೋನ ತ್ರಿಕೋನವಾಗಿಯೇ ಉಳಿಯುತ್ತದೆ. ಆದ್ದರಿಂದ ಪೇಂಟರನಿಗೆ "ಶಿರಸ್ತ್ರಾಣ ಧರಿಸಿರಿ" ಎಂದು ಹಳದಿ ಹಲಗೆಯಲ್ಲಿ ಚೆಂದವಾಗಿ ಬರೆಯಲು ಹೇಳುವುದು ಸಲ್ಲದು. ಅಲ್ಲಿ ನೀಲಿ ವೃತ್ತವೇ ಇರಬೇಕು.

ಒಂದು ಅಪವಾದವನ್ನು ಇಲ್ಲಿಯೇ ಹೇಳಬೇಕು. ವಿದ್ಯುತ್ ಟ್ರಾನ್ಸ್‌ಫಾರ್ಮರಿನ ಬೇಲಿಗೆ ಹಾಕುವ ತಲೆಬುರುಡೆ ಮತ್ತು ಎಲುಬುಗಳ ಅಪಾಯ ಫಲಕ ಆಯತಾಕಾರದ್ದು, ಕೆಂಪಿನದು. ಅದಕ್ಕೆ ಐಎಸ್ 2551 ಎಂಬ ಬೇರೆಯೇ ಮಾನಕವಿದೆ. ಅದನ್ನು ಗುರುತಿಸುವುದು ಸುಲಭ: ಅದರಲ್ಲಿ ಬಿಳಿಯ ಮೇಲೆ ಕೆಂಪು ಚಿತ್ರವಿರುತ್ತದೆ, ಅಗ್ನಿಸಾಧನದ ಫಲಕದಲ್ಲಿ ಕೆಂಪಿನ ಮೇಲೆ ಬಿಳಿ ಚಿತ್ರವಿರುತ್ತದೆ.

ಸಿಲಿಂಡರಿನ ಬಣ್ಣ ಏನನ್ನೂ ಹೇಳುವುದಿಲ್ಲ

ಈಗ ಮೊದಲು ಹೇಳಿದ ಕೆಂಪು ಸಿಲಿಂಡರಿಗೆ ಬರೋಣ. ನಮ್ಮಲ್ಲಿ ಅನೇಕ ಕಚೇರಿಗಳ ಗೋಡೆಯ ಮೇಲೆ ಒಂದು ಬಣ್ಣದ ಪಟ್ಟಿಯನ್ನು ಅಂಟಿಸಿರುತ್ತಾರೆ: ಕೆನೆ ಬಣ್ಣವೆಂದರೆ ಫೋಮ್, ನೀಲಿಯೆಂದರೆ ಪೌಡರ್, ಕಪ್ಪೆಂದರೆ ಕಾರ್ಬನ್ ಡೈಆಕ್ಸೈಡ್, ಕೆಂಪೆಂದರೆ ನೀರು. ಇದು ಬ್ರಿಟನ್ನಿನ ಪದ್ಧತಿ. ಅಲ್ಲಿ ಹಿಂದೆ ಇಡೀ ಸಿಲಿಂಡರಿಗೇ ಆ ಬಣ್ಣ ಬಳಿಯುತ್ತಿದ್ದರು. 1990ರ ದಶಕದ ಉತ್ತರಾರ್ಧದಲ್ಲಿ ಯುರೋಪಿನ ಮಾನಕ ಬಂದ ಮೇಲೆ ಅಲ್ಲಿಯೂ ಸಿಲಿಂಡರುಗಳು ಕೆಂಪಾದವು. ಹಳೆಯ ಬಣ್ಣ ಒಂದು ಸಣ್ಣ ಪಟ್ಟಿಯಾಗಿ ಉಳಿಯಿತು. ನಮ್ಮ ದೇಶದ ಕೈಯಲ್ಲಿ ಹಿಡಿಯುವ ಸಿಲಿಂಡರುಗಳಿಗೆ ಐಎಸ್ 15683 ಅನ್ವಯಿಸುತ್ತದೆ. ಅದರಂತೆ ನೀರಿರಲಿ, ಪೌಡರ್ ಇರಲಿ, ಅನಿಲವಿರಲಿ, ಮೈಬಣ್ಣ ಕೆಂಪೇ. ಕೆಲವು ತಯಾರಕರು ಕ್ಲೀನ್ ಏಜೆಂಟ್ ಅನಿಲದ ಸಿಲಿಂಡರುಗಳನ್ನು ಹಸಿರು ಬಣ್ಣದಲ್ಲಿ ಮಾರುವುದೂ ಉಂಟು. ಹೀಗಿರುವಾಗ ಆ ಬ್ರಿಟಿಷ್ ಪಟ್ಟಿಯನ್ನು ನಮ್ಮ ಗೋಡೆಗೆ ಅಂಟಿಸಿದರೆ "ಕೆಂಪು ಎಂದರೆ ನೀರು" ಎಂದು ಕಲಿತ ಹುಡುಗನಿಗೆ ಎಲ್ಲವೂ ನೀರಾಗಿಯೇ ಕಾಣುತ್ತದೆ. "ಕಪ್ಪು ಎಂದರೆ ಕಾರ್ಬನ್ ಡೈಆಕ್ಸೈಡ್" ಎಂಬ ಪಾಠವಂತೂ ಇನ್ನೂ ಅಪಾಯಕರ. ನಮ್ಮ ವೆಲ್ಡಿಂಗ್ ಶಾಲೆಗಳಲ್ಲಿ ಕಪ್ಪು ಸಿಲಿಂಡರ್ ಎಂದರೆ ಆಮ್ಲಜನಕ. ಅದು ಬೆಂಕಿಯನ್ನು ಹೆಚ್ಚಿಸುವ ವಸ್ತು.

ಹಾಗಾದರೆ ಏನನ್ನು ನೋಡಬೇಕು? ಮೂರನ್ನು ನೋಡಬೇಕು.

ಮೊದಲನೆಯದು ಅಕ್ಷರ. ಬೆಂಕಿಯನ್ನು ಉರಿಯುವ ವಸ್ತುವಿನ ಮೇಲಿಂದ ವರ್ಗೀಕರಿಸಿದ್ದಾರೆ. ಕಟ್ಟಿಗೆ, ಕಾಗದ, ಬಟ್ಟೆ ಮುಂತಾದ ಘನವಸ್ತುಗಳದು 'ಎ'. ಪೆಟ್ರೋಲ್, ಥಿನ್ನರ್, ಬಣ್ಣ ಮುಂತಾದ ದ್ರವಗಳದು 'ಬಿ'. ಅಡುಗೆ ಅನಿಲದಂಥವುಗಳದು 'ಸಿ'. ಮೆಗ್ನೀಷಿಯಂ ಮುಂತಾದ ಲೋಹಗಳದು 'ಡಿ'. ಅಡುಗೆ ಎಣ್ಣೆಗೆ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ 'ಎಫ್' ಸೇರಿದೆ. ನಮ್ಮಲ್ಲಿ ಬಹಳ ಸಿಲಿಂಡರುಗಳ ಮೇಲೆ ಈ ಅಕ್ಷರವನ್ನು ಹಳದಿ ತ್ರಿಕೋನದಲ್ಲಿ ಬರೆದಿರುತ್ತಾರೆ. ಅಲ್ಲಿನ ತ್ರಿಕೋನ ಎಚ್ಚರಿಕೆಯಲ್ಲ, ಅರ್ಹತೆಯ ಗುರುತು. 'ಎ' ಮಾತ್ರ ಇದ್ದರೆ ಅದು ಕಟ್ಟಿಗೆಗೆ ಯೋಗ್ಯ, ಥಿನ್ನರಿಗೆ ಅಲ್ಲ. ಇಲ್ಲಿ ಒಂದು ಗೊಂದಲವನ್ನು ತಪ್ಪಿಸಬೇಕು. ಅಮೆರಿಕದ ಪದ್ಧತಿಯಲ್ಲಿ 'ಸಿ' ಎಂದರೆ ವಿದ್ಯುತ್ ಬೆಂಕಿ. ನಮ್ಮಲ್ಲಿ ಅನಿಲದ ಬೆಂಕಿ. ನಮ್ಮಲ್ಲಿ ವಿದ್ಯುತ್ತಿಗೆ ಅಕ್ಷರವೇ ಇಲ್ಲ. ಅದಕ್ಕೆ ಯೋಗ್ಯವೋ ಅಲ್ಲವೋ ಎಂಬುದನ್ನು ಚೀಟಿಯ ಮೇಲಿನ ಪ್ರತ್ಯೇಕ ವಾಕ್ಯದಿಂದಲೇ ತಿಳಿಯಬೇಕು.

ಎರಡನೆಯದು ಸಿಲಿಂಡರಿನ ಆಕಾರ. ಬಾಯಿಯಲ್ಲಿ ಕಪ್ಪು ಕಹಳೆಯಂತಹ ಕೊಂಬು ಇದ್ದು, ಒತ್ತಡದ ಮುಳ್ಳುಗಡಿಯಾರ ಇಲ್ಲದಿದ್ದರೆ, ಎತ್ತಿದಾಗ ಗಾತ್ರಕ್ಕೆ ಮೀರಿದ ಭಾರವಿದ್ದರೆ ಅದು ಕಾರ್ಬನ್ ಡೈಆಕ್ಸೈಡ್. ವಿದ್ಯುತ್ ಪ್ಯಾನೆಲ್‌ಗೆ ಇದೇ ತಕ್ಕುದು, ಏಕೆಂದರೆ ಇದು ವಿದ್ಯುತ್ತನ್ನು ಹರಿಯಗೊಡುವುದಿಲ್ಲ ಮತ್ತು ಪ್ಯಾನೆಲ್‌ನೊಳಗೆ ಏನನ್ನೂ ಉಳಿಸುವುದಿಲ್ಲ. ಆದರೆ ಬಳಸುವಾಗ ಆ ಕೊಂಬನ್ನು ಬರಿಗೈಯಲ್ಲಿ ಹಿಡಿದರೆ ಚಳಿಯಿಂದಲೇ ಚರ್ಮ ಸುಡುತ್ತದೆ, ಮತ್ತು ಮುಚ್ಚಿದ ಸಣ್ಣ ಕೋಣೆಯಲ್ಲಿ ಉಸಿರು ಕಟ್ಟುತ್ತದೆ. ಸಣ್ಣ ನಾಸಿಕದ ರಬ್ಬರ್ ನಳಿಕೆ ಮತ್ತು ಮುಳ್ಳುಗಡಿಯಾರ ಇದ್ದರೆ ಪೌಡರ್ ಇರಬಹುದು, ನೀರಿರಬಹುದು, ಫೋಮ್ ಇರಬಹುದು. ಅಲ್ಲಿ ಚೀಟಿಯನ್ನು ಓದದೆ ಗತ್ಯಂತರವಿಲ್ಲ.

ಮೂರನೆಯದು ಜೀವವಿದೆಯೇ ಎಂಬುದು. ಮುಳ್ಳುಗಡಿಯಾರವಿದ್ದಲ್ಲಿ ಮುಳ್ಳು ಹಸಿರು ಭಾಗದಲ್ಲಿರಬೇಕು. ಕಾರ್ಬನ್ ಡೈಆಕ್ಸೈಡಿಗೆ ಗಡಿಯಾರವಿಲ್ಲದ್ದರಿಂದ ತೂಗಿ ನೋಡುವುದೇ ದಾರಿ; ಒಳಗಿನ ಅನಿಲದಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಕಡಿಮೆಯಾಗಿದ್ದರೆ ಮತ್ತೆ ತುಂಬಿಸಬೇಕು. 4.5 ಕಿಲೋ ಅನಿಲದ ಸಿಲಿಂಡರಿನಲ್ಲಿ ಅರ್ಧ ಕಿಲೋ ಸೋರಿದ್ದರೆ ಕಣ್ಣಿಗೆ ಏನೂ ಕಾಣಿಸುವುದಿಲ್ಲ, ತಕ್ಕಡಿಗೆ ಕಾಣಿಸುತ್ತದೆ. ತಕ್ಕಡಿ ಇಲ್ಲದ ವ್ಯಾಪಾರಸ್ಥ ನಮ್ಮಲ್ಲಿ ಯಾರಿದ್ದಾರೆ?

ಯೋಗ್ಯವಲ್ಲದ್ದನ್ನು ದುಬಾರಿಯಾದ ಕಾರಣಕ್ಕೆ ಕೊಳ್ಳುವುದೂ ಉಂಟು. ಖಾನಾಪುರದ ಕಡೆಯ ಒಂದು ಕಟ್ಟಿಗೆ ಕೊಯ್ಯುವ ಅಡ್ಡೆಯಲ್ಲಿ ಮೂರೂ ಸಿಲಿಂಡರುಗಳು ಕಾರ್ಬನ್ ಡೈಆಕ್ಸೈಡಿನವೇ ಆಗಿದ್ದವು. ಕಟ್ಟಿಗೆಯ ಹುಡಿಯ ರಾಶಿಗೆ ಬೆಂಕಿ ತಗಲಿದರೆ ಈ ಅನಿಲ ಮೇಲಿನ ಜ್ವಾಲೆಯನ್ನು ಆರಿಸುತ್ತದೆ; ಆದರೆ ರಾಶಿಯ ಒಳಗಿನ ಕೆಂಡವನ್ನು ತಣಿಸುವುದಿಲ್ಲ. ಅನಿಲ ಚದುರಿದ ಮೇಲೆ ಬೆಂಕಿ ಮತ್ತೆ ಏಳುತ್ತದೆ. ಇದಲ್ಲದೆ ಅದರ ರಭಸದ ಗಾಳಿ ಹುಡಿಯನ್ನೇ ಹಾರಿಸಿ ಬೆಂಕಿಯನ್ನು ಹರಡಬಲ್ಲದು. ಅಲ್ಲಿ ಬೇಕಾದುದು 'ಎ' ಅಕ್ಷರದ ನೀರಿನ ಸಿಲಿಂಡರ್ ಮತ್ತು ತುಂಬಿದ ಬಕೆಟ್ಟುಗಳು. ಮೋಟರಿನ ಸ್ವಿಚ್‌ಬೋರ್ಡಿಗೆ ಮಾತ್ರ ಒಂದು ಕಾರ್ಬನ್ ಡೈಆಕ್ಸೈಡ್. ಉದ್ಯಮಬಾಗದ ಯಂತ್ರಶಾಲೆಯಲ್ಲಿ ಪ್ಯಾನೆಲ್ ಪಕ್ಕದಲ್ಲಿ ನೀರಿನ ಜಾತಿಯದು, ಖಾನಾಪುರದಲ್ಲಿ ಕಟ್ಟಿಗೆಯ ಪಕ್ಕದಲ್ಲಿ ಅನಿಲ. ಒಂದೇ ರಸ್ತೆಯ ಎರಡು ತುದಿಗಳಲ್ಲಿ ಎರಡನ್ನೂ ಅದಲುಬದಲು ಮಾಡಿದ್ದರೆ ಎರಡೂ ಸರಿಹೋಗುತ್ತಿದ್ದವು.

ಹೊರದಾರಿ: ಕೆಂಪಕ್ಷರದಿಂದ ಹಸಿರಿಗೆ

ನಮ್ಮ ಹಳೆಯ ಕಾರ್ಖಾನೆಗಳಲ್ಲಿ ಹೊರದಾರಿಯ ಮೇಲೆ ಕೆಂಪು ಅಕ್ಷರದಲ್ಲಿ ಬರೆದಿರುವುದನ್ನು ಕಾಣುತ್ತೇವೆ. ಅದು ಪೇಂಟರನ ತಪ್ಪಲ್ಲ. 1948ರ ಕಾರ್ಖಾನೆ ಕಾಯ್ದೆಯ 38ನೆಯ ಕಲಮಿನ ಮೂಲ ಪಾಠವೇ ಹಾಗಿತ್ತು: ಬೆಂಕಿಯ ವೇಳೆ ಪಾರಾಗುವ ದಾರಿಗಳನ್ನು ಬಹುಪಾಲು ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿ, ಸಾಕಷ್ಟು ದೊಡ್ಡದಾದ ಕೆಂಪು ಅಕ್ಷರಗಳಲ್ಲಿ, ಅಥವಾ ಸ್ಪಷ್ಟವಾಗಿ ತಿಳಿಯುವ ಬೇರೆ ಗುರುತಿನಿಂದ ಸೂಚಿಸಬೇಕೆಂದು ಅದು ಹೇಳುತ್ತಿತ್ತು. 1987ರ ತಿದ್ದುಪಡಿಯಲ್ಲಿ ಆ ಕಲಮನ್ನು ಬದಲಿಸಿದರು. ಮಾನಕಗಳು ಹೊರದಾರಿಗೆ ಹಸಿರನ್ನು ಗೊತ್ತುಮಾಡಿದವು. ಬಾಗಿಲಿನತ್ತ ಓಡುವ ಬಿಳಿ ಮನುಷ್ಯನ ಚಿತ್ರ ಜಪಾನಿನದು. 1970ರ ದಶಕದ ಕೊನೆಯಲ್ಲಿ ಯುಕಿಯೋ ಓಟಾ ಎಂಬ ವಿನ್ಯಾಸಕರಿಂದ ರೂಪುಗೊಂಡು, 1980ರ ದಶಕದಲ್ಲಿ ಅಂತರರಾಷ್ಟ್ರೀಯ ಮಾನಕಕ್ಕೆ ಸೇರಿತು. ಹಳೆಯ ಕೆಂಪಕ್ಷರ ಮತ್ತು ಹೊಸ ಹಸಿರು ಫಲಕ ಒಂದೇ ಶೆಡ್ಡಿನಲ್ಲಿ ಎರಡು ಬೇರೆ ಬಾಗಿಲುಗಳ ಮೇಲಿದ್ದರೆ ಕಾರ್ಮಿಕ ಯಾವುದನ್ನು ನಂಬಬೇಕು? ಹಳೆಯದನ್ನು ಅಳಿಸಿ ಹಸಿರನ್ನು ಹಾಕುವುದೇ ಸರಿ.

ಆ ಹಳೆಯ ಕಲಮಿನಲ್ಲಿ ಒಂದು ಮಾತು ಮಾತ್ರ ಇಂದಿಗೂ ಬೆಲೆಯುಳ್ಳದ್ದು: "ಬಹುಪಾಲು ಕಾರ್ಮಿಕರಿಗೆ ತಿಳಿಯುವ" ಎಂಬುದು. ಬೆಳಗಾವಿಯ ಒಂದು ಎರಕದ ಕಾರ್ಖಾನೆಯಲ್ಲಿ ಕನ್ನಡ, ಮರಾಠಿ, ಉರ್ದು ಮಾತನಾಡುವವರ ಜೊತೆಗೆ ಬಿಹಾರ, ಒಡಿಶಾ, ಉತ್ತರ ಪ್ರದೇಶಗಳಿಂದ ಬಂದವರೂ ಇರುತ್ತಾರೆ. ನಾಮಫಲಕದಲ್ಲಿ ಕನ್ನಡಕ್ಕೆ ಸಲ್ಲಬೇಕಾದ ಸ್ಥಾನ ಸಲ್ಲಲೇಬೇಕು. ಫಲಕದ ಕೆಳಗೆ ಕನ್ನಡದಲ್ಲಿ ಬರೆಯಿಸುವುದು ನಮ್ಮ ಕರ್ತವ್ಯ. ಆದರೆ ಹೊಗೆಯಲ್ಲಿ ಓಡುವವನು ಅಕ್ಷರ ಓದುವುದಿಲ್ಲ, ಚಿತ್ರವನ್ನು ನೋಡುತ್ತಾನೆ. ಆದ್ದರಿಂದ ಫಲಕದಲ್ಲಿ ಮೊದಲ ಸ್ಥಾನ ಚಿತ್ರಕ್ಕೆ, ಆಮೇಲೆ ಮಾತಿಗೆ.

ಫಲಕದ ಗಾತ್ರಕ್ಕೂ ಒಂದು ಲೆಕ್ಕವಿದೆ. ಎಷ್ಟು ಮೀಟರ್ ದೂರದಿಂದ ಕಾಣಬೇಕೋ ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, 2000ದಿಂದ ಭಾಗಿಸಿದರೆ ಫಲಕದ ಕನಿಷ್ಠ ವಿಸ್ತೀರ್ಣ ಚದರ ಮೀಟರಿನಲ್ಲಿ ಬರುತ್ತದೆ. 50 ಮೀಟರಿನವರೆಗೆ ಈ ಲೆಕ್ಕ ಸಲ್ಲುತ್ತದೆ. 20 ಮೀಟರ್ ಉದ್ದದ ಶೆಡ್ಡಿಗೆ 400ನ್ನು 2000ದಿಂದ ಭಾಗಿಸಿದರೆ 0.2 ಚದರ ಮೀಟರ್, ಎಂದರೆ ಒಂದೊಂದು ಬದಿಗೆ ಸುಮಾರು 45 ಸೆಂಟಿಮೀಟರ್ ಇರುವ ಚೌಕ. ಇದೇ ಲೆಕ್ಕವನ್ನು ತಿರುಗಿಸಿ ನೋಡಿದರೆ, ಕಚೇರಿಯ ಕಂಪ್ಯೂಟರಿನಲ್ಲಿ ಎ4 ಹಾಳೆಯ ಮೇಲೆ ಮುದ್ರಿಸಿ ಅಂಟಿಸಿದ ಫಲಕ ಸುಮಾರು 11 ಮೀಟರಿನವರೆಗೆ ಮಾತ್ರ ಉಪಯುಕ್ತ. ಅಂಗಡಿಯಲ್ಲಿ ಸಿಗುವ 10 ಸೆಂಟಿಮೀಟರಿನ ಸ್ಟಿಕ್ಕರ್ ನಾಲ್ಕೂವರೆ ಮೀಟರಿಗೆ ಮುಗಿಯಿತು. ನಮ್ಮಲ್ಲಿ ಬಹುತೇಕ ಶೆಡ್ಡುಗಳಲ್ಲಿ ಕಾಣುವುದು ಈ ಸ್ಟಿಕ್ಕರುಗಳೇ.

ಗಾತ್ರಕ್ಕಿಂತ ಮಿಗಿಲಾದುದು ಫಲಕದ ಸತ್ಯ. ಮೇಲೆ ಹೇಳಿದ ಖಾನಾಪುರದ ಅಡ್ಡೆಯಲ್ಲಿ ಹಿಂಬಾಗಿಲಿನ ಮೇಲೆ ಅಚ್ಚುಕಟ್ಟಾದ ಹಸಿರು ಫಲಕವಿತ್ತು. ಬಾಗಿಲನ್ನು ತೆರೆಯಲು ಹೋದರೆ ಹೊರಗಡೆಯಿಂದ ಚಿಲಕ ಹಾಕಿತ್ತು. ಆಚೆ ಹಲಗೆಗಳ ಅಟ್ಟಿ. ಕಳ್ಳತನದ ಭಯವೆಂದು ಕಾರಣ ಹೇಳಿದರು. ಆ ಭಯ ನಿಜವಾದುದೇ. ಆದರೆ ಅದಕ್ಕೆ ಒಳಗಿನಿಂದ ತಳ್ಳಿದರೆ ತೆರೆಯುವ, ಹೊರಗಿನಿಂದ ತೆರೆಯದ ಅಡ್ಡಪಟ್ಟಿಯ ಬೀಗಗಳು ಸಿಗುತ್ತವೆ. ಫಲಕವೇ ಇಲ್ಲದಿದ್ದರೆ ಮನುಷ್ಯ ತಾನು ಬಂದ ದಾರಿಯಲ್ಲಿಯೇ ಹಿಂದಿರುಗುತ್ತಾನೆ. ಸುಳ್ಳು ಫಲಕವಾದರೋ ಅವನನ್ನು ಕರೆದು, ಮುಚ್ಚಿದ ಬಾಗಿಲ ಮುಂದೆ ನಿಲ್ಲಿಸುತ್ತದೆ. ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ 2010ರ ಫೆಬ್ರವರಿ 23ರಂದು ಬೆಂಕಿಯಿಂದ ಒಂಬತ್ತು ಜನ ಸತ್ತರು. ತುರ್ತು ದಾರಿಗಳಿಗೆ ಬೀಗ ಬಿದ್ದಿತ್ತೆಂಬ ಸಂಗತಿ ಆಗ ನಾಡಿನಾದ್ಯಂತ ಚರ್ಚೆಯಾಯಿತು.

ನಮ್ಮ ಸಮೀಪದ್ದೇ ಇನ್ನೊಂದು ಘಟನೆಯನ್ನು ಯಾರೂ ಮರೆತಿರಲಾರರು. 2024ರ ಆಗಸ್ಟ್ 6ರ ರಾತ್ರಿ ಬೆಳಗಾವಿ ತಾಲೂಕಿನ ನಾವಗೆಯ ಬಳಿ ಅಂಟುಪಟ್ಟಿ ತಯಾರಿಸುವ ಕಾರ್ಖಾನೆಗೆ ಬೆಂಕಿ ಬಿದ್ದಿತು. ಲಿಫ್ಟಿನಲ್ಲಿ ಸಿಲುಕಿದ ಒಬ್ಬ ಯುವ ಕಾರ್ಮಿಕ ಪ್ರಾಣ ಕಳೆದುಕೊಂಡನು. ಅಲ್ಲಿ ಯಾರದು ತಪ್ಪು, ಯಾವ ಫಲಕವಿತ್ತು, ಯಾವುದಿರಲಿಲ್ಲ ಎಂದು ಹೇಳುವುದು ನನ್ನ ಕೆಲಸವಲ್ಲ. ಆದರೆ ಲಿಫ್ಟ್ ಇರುವ ನಮ್ಮ ಪ್ರತಿಯೊಂದು ಗೋದಾಮು, ಪ್ರತಿಯೊಂದು ಕಾರ್ಖಾನೆಗೂ ಅದರಲ್ಲಿ ಒಂದು ಪ್ರಶ್ನೆ ಇದೆ. ಲಿಫ್ಟಿನ ಬಾಗಿಲ ಪಕ್ಕದಲ್ಲಿ "ಬೆಂಕಿ ಬಿದ್ದಾಗ ಲಿಫ್ಟ್ ಬಳಸಬೇಡ" ಎಂಬ ಕೆಂಪು ವೃತ್ತ ಇದೆಯೇ? ಅದರ ಪಕ್ಕದಲ್ಲಿಯೇ ಮೆಟ್ಟಿಲಿನ ಕಡೆಗೆ ಬಾಣವಿರುವ ಹಸಿರು ಫಲಕ ಇದೆಯೇ? ಬೇಡವೆಂದು ಹೇಳುವ ಫಲಕ, ಮತ್ತೇನು ಮಾಡಬೇಕೆಂದು ತೋರಿಸುವ ಫಲಕ, ಇವೆರಡೂ ಜೊತೆಯಾಗಿದ್ದಾಗಲೇ ಮಾತು ಪೂರ್ಣವಾಗುತ್ತದೆ.

ಕಾಯ್ದೆಯ ಹೊರಗಿರುವವರು

ಇಲ್ಲಿ ಕೆಲವರು ಹೇಳಬಹುದು: "ನಮ್ಮದು ಸಣ್ಣ ಘಟಕ, ಇದೆಲ್ಲ ನಮಗೆ ಅನ್ವಯಿಸುವುದಿಲ್ಲ." 2025ರ ನವೆಂಬರ್ 21ರಿಂದ ಕಾರ್ಖಾನೆ ಕಾಯ್ದೆಯ ಸ್ಥಾನದಲ್ಲಿ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ ಜಾರಿಗೆ ಬಂದಿದೆ. ವಿದ್ಯುತ್ ಬಳಸುವ ಘಟಕವನ್ನು ಕಾರ್ಖಾನೆಯೆಂದು ಎಣಿಸಲು ಮೊದಲು ಹತ್ತು ಕಾರ್ಮಿಕರು ಸಾಕಾಗಿತ್ತು. ಈಗ ಇಪ್ಪತ್ತು ಬೇಕು. ಹನ್ನೆರಡು ಜನರಿರುವ ಶೆಡ್ಡು ಇದರಿಂದ ಕಾರ್ಖಾನೆಯೆಂಬ ವ್ಯಾಖ್ಯೆಯ ಹೊರಗೆ ಉಳಿಯುತ್ತದೆ. ತಪಾಸಣೆಗೆ ಬರುವವರು ಕಡಿಮೆಯಾದಷ್ಟೂ ಮಾಲೀಕನೇ ತನ್ನ ತಪಾಸಣಾಧಿಕಾರಿಯಾಗಬೇಕಾಗುತ್ತದೆ. ಥಿನ್ನರಿನ ಡಬ್ಬಿಗೆ ತಲೆಯೆಣಿಕೆ ಗೊತ್ತಿಲ್ಲ.

ಇನ್ನೊಂದು ಆಕ್ಷೇಪವೂ ಉಂಟು: ಫಲಕ ಹಾಕಿದರೂ ಕಾರ್ಮಿಕರು ನೋಡುವುದಿಲ್ಲ ಎಂಬುದು. ಇದರಲ್ಲಿ ಸತ್ಯವಿದೆ. ಒಂದೇ ಬಾಗಿಲಿನ ಮೇಲೆ ಹದಿನಾಲ್ಕು ಫಲಕಗಳನ್ನು ಅಂಟಿಸಿದ ಘಟಕವನ್ನು ನಾನು ನೋಡಿದ್ದೇನೆ. ಯಾವುದೋ ಆಡಿಟ್ಟಿನ ಹಿಂದಿನ ದಿನ ಅವೆಲ್ಲ ಬಂದಿದ್ದವು. ಅಂತಹ ಗೋಡೆಯನ್ನು ಯಾರೂ ಓದುವುದಿಲ್ಲ. ಅಪಾಯವಿರುವ ಜಾಗದಲ್ಲಿ ಒಂದು ಫಲಕ ಸಾಕು; ಅದು ನಿಜವಾಗಿರಬೇಕು ಮತ್ತು ಕಾಣುವಂತಿರಬೇಕು. ಉಳಿದವನ್ನು ತೆಗೆದುಹಾಕುವ ಧೈರ್ಯ ನಮಗೆ ಬೇಕು.

ಲೆಕ್ಕದವನಾದ ನನ್ನ ಸೂಚನೆಗಳು ಮೂರೇ. ಮೊದಲನೆಯದು, ಸಿಲಿಂಡರ್ ಕೊಳ್ಳುವಾಗ ಬಿಲ್ಲಿನಲ್ಲಿ ಜಾತಿ, ಅಕ್ಷರ, ತೂಕ ಮತ್ತು ಮರುಪೂರಣದ ದಿನಾಂಕಗಳನ್ನು ಬರೆಯಿಸಿರಿ. ಆಸ್ತಿ ವಹಿಯಲ್ಲಿ "ಸಂಖ್ಯೆ 6" ಎಂದು ಬರೆಯದೆ, ಒಂದೊಂದಕ್ಕೂ ಒಂದು ಸಾಲು ಕೊಟ್ಟು, ಅದು ತೂಗುವ ಜಾಗವನ್ನೂ ನಮೂದಿಸಿರಿ. ಆಗ ಪ್ಯಾನೆಲ್‌ನ ಪಕ್ಕದಲ್ಲಿ ಫೋಮ್ ಇರುವುದು ಕಾಗದದ ಮೇಲೆಯೇ ಕಣ್ಣಿಗೆ ಬೀಳುತ್ತದೆ. ಎರಡನೆಯದು, ಮಾರ್ಚ್ ಕೊನೆಯ ದಾಸ್ತಾನು ಎಣಿಕೆಯ ದಿನ ಎಣಿಸುವವರ ಕೈಯಿಂದಲೇ ಪ್ರತಿಯೊಂದು ಹಸಿರು ಫಲಕದ ಕೆಳಗಿನ ಬಾಗಿಲನ್ನು ತೆರೆಯಿಸಿ ನೋಡಿರಿ. ಪ್ರತಿಯೊಂದು ಕೆಂಪು ಚೌಕದ ಕೆಳಗೆ ಸಿಲಿಂಡರ್ ಇದೆಯೇ, ಅದರ ಮುಂದೆ ಮಾಲು ಅಟ್ಟಿದೆಯೇ ಎಂದು ಬರೆಯಿಸಿರಿ. ದಾಸ್ತಾನು ಹೆಚ್ಚಾದಾಗಲೇ ದಾರಿ ಮುಚ್ಚುವುದರಿಂದ ಅದಕ್ಕೆ ಅದೇ ಸರಿಯಾದ ದಿನ. ಮೂರನೆಯದು ನಮ್ಮ ಚೇಂಬರಿಗೆ. ಮಾನಕಕ್ಕೆ ಅನುಗುಣವಾದ, ಇಪ್ಪತ್ತು ಮೀಟರಿಗೆ ಸಾಲುವ ಗಾತ್ರದ ಐದಾರು ಮುಖ್ಯ ಫಲಕಗಳನ್ನು ಕನ್ನಡ ಬರಹದೊಡನೆ ಒಟ್ಟಾಗಿ ಮುದ್ರಿಸಿ ಸದಸ್ಯರಿಗೆ ಅಸಲು ಬೆಲೆಗೆ ಒದಗಿಸಬೇಕು. ಬಿಡಿಯಾಗಿ ಕೊಳ್ಳುವ ಸಣ್ಣ ಸ್ಟಿಕ್ಕರಿಗೆ ಅದೇ ತಕ್ಕ ಉತ್ತರ.

ವೋಚರಿನ ಹಿಂದೆ ವ್ಯವಹಾರವಿಲ್ಲದಿದ್ದರೆ ನಾವು ಅದನ್ನು ಬೋಗಸ್ ಎನ್ನುತ್ತೇವೆ. ಬಾಗಿಲು ತೆರೆಯದ ಹಸಿರು ಫಲಕವೂ, ಒಳಗೇನಿದೆಯೆಂದು ಯಾರಿಗೂ ತಿಳಿಯದ ಕೆಂಪು ಸಿಲಿಂಡರೂ ಅದೇ ಜಾತಿಯವು. ಆ ಯಂತ್ರಶಾಲೆಯಲ್ಲಿ ಈಗ ಪ್ಯಾನೆಲ್‌ನ ಪಕ್ಕದಲ್ಲಿ ಕಪ್ಪು ಕೊಂಬಿನ ಸಿಲಿಂಡರ್ ಇದೆ. ಫೋಮ್ ಸಿಲಿಂಡರ್ ಎಣ್ಣೆಯ ಪೀಪಾಯಿಗಳ ಕೋಣೆಗೆ ಹೋಗಿದೆ. ಆರು ಸಾಲುಗಳೂ ವಹಿಯಲ್ಲಿ ಬೇರೆ ಬೇರೆಯಾಗಿವೆ. ಈಗ ನಾನು ಟಿಕ್ ಹಾಕುವುದು ಚೀಟಿಯನ್ನು ಓದಿದ ಮೇಲೆಯೇ.